ಸಮೀಕರಣ ಹೇಳದೆ ಬಿಟ್ಟ ಮಾತು

ತಿಂಗಳಿಗೆ ಶೇಕಡ 1ರ ಬಡ್ಡಿ ಕೊಡುವ ಒಂದು ಖಾತೆ ಇದೆ ಎಂದುಕೊಳ್ಳೋಣ. ಈ ತಿಂಗಳ ಬಾಕಿ ಎಂದರೆ ಹೋದ ತಿಂಗಳ ಬಾಕಿ, ಅದರ ಬಡ್ಡಿ, ಮತ್ತು ಈ ತಿಂಗಳು ಕಟ್ಟಿದ ಹಣ. ಅದನ್ನು y[n] = 1.01 y[n−1] + x[n] ಎಂದು ಬರೆಯಬಹುದು. ಇಲ್ಲಿ n ತಿಂಗಳ ಸಂಖ್ಯೆ. ಒಳಗೆ ಹೋಗುವ x ಇನ್‌ಪುಟ್, ಹೊರಗೆ ಬರುವ y ಔಟ್‌ಪುಟ್. ಹಣ ತೆಗೆದರೆ x ಋಣ ಸಂಖ್ಯೆಯಾಗುತ್ತದೆ. ಎಂಜಿನಿಯರಿಂಗ್ ಓದುವವರು ಇದನ್ನು ಡಿಫರೆನ್ಸ್ ಈಕ್ವೇಶನ್ ಎನ್ನುತ್ತಾರೆ. ಪರೀಕ್ಷೆಯಲ್ಲಿ ಇಂಥದೊಂದನ್ನು ಕೊಟ್ಟು ಇದು ರೇಖೀಯವೇ, ಕಾಲಕ್ಕೆ ತಕ್ಕಂತೆ ಬದಲಾಗದ್ದೇ, ಕಾರಣಬದ್ಧವೇ, ಸ್ಥಿರವೇ ಎಂದು ಕೇಳುವುದುಂಟು. ಸಮೀಕರಣವನ್ನು ಕಣ್ಣಲ್ಲೇ ಅಳೆದು ನಾಲ್ಕಕ್ಕೂ ಉತ್ತರ ಬರೆದುಬಿಡುವುದು ವಾಡಿಕೆ. ಆದರೆ ಈ ಒಂದು ಸಾಲಿನಿಂದ ನಾಲ್ಕರಲ್ಲಿ ಒಂದಕ್ಕೂ ಪೂರ್ತಿ ಉತ್ತರ ಸಿಗುವುದಿಲ್ಲ ಎಂಬುದು ನನ್ನ ವಾದ. ಲೆಕ್ಕ ಎಲ್ಲಿಂದ, ಯಾವ ದಿಕ್ಕಿಗೆ ಶುರುವಾಗುತ್ತದೆ ಎಂಬುದನ್ನು ಸಮೀಕರಣ ಹೇಳುವುದೇ ಇಲ್ಲ.

ಮೊದಲು ರೇಖೀಯತೆಯನ್ನು ನೋಡೋಣ. ಎರಡು ಇನ್‌ಪುಟ್‌ಗಳನ್ನು ಕೂಡಿಸಿ ಕೊಟ್ಟರೆ ಅವುಗಳ ಔಟ್‌ಪುಟ್‌ಗಳೂ ಕೂಡಿಬರಬೇಕು, ಇನ್‌ಪುಟ್ ದುಪ್ಪಟ್ಟಾದರೆ ಔಟ್‌ಪುಟ್ಟೂ ದುಪ್ಪಟ್ಟಾಗಬೇಕು. ಖಾತೆ ಸೊನ್ನೆಯಿಂದ ಶುರುವಾದರೆ ನಮ್ಮ ಸಮೀಕರಣ ಇದರಲ್ಲಿ ನಿರಾಯಾಸವಾಗಿ ಗೆಲ್ಲುತ್ತದೆ. ಆದರೆ ತಿಂಗಳು 0ಕ್ಕೆ ಮುಂಚೆಯೇ ಖಾತೆಯಲ್ಲಿ 1000 ರೂಪಾಯಿ ಇತ್ತು ಎನ್ನಿ. ಆಗ ಏನೂ ಕಟ್ಟದಿದ್ದರೂ ಮೊದಲ ತಿಂಗಳು 1010 ತೋರಿಸುತ್ತದೆ. ಸೊನ್ನೆ ಕೊಟ್ಟರೆ ಸೊನ್ನೆ ಬರಲಿಲ್ಲವೆಂದರೆ ರೇಖೀಯತೆ ಅಲ್ಲಿಗೇ ಮುರಿಯಿತು. ಕಾಲದ ಪರೀಕ್ಷೆಯೂ ಅದೇ ಹಣದ ಮುಂದೆ ಸೋಲುತ್ತದೆ. ತಿಂಗಳು 0ರಲ್ಲಿ 100 ಕಟ್ಟಿದರೆ ಆ ತಿಂಗಳ ಬಾಕಿ 1110. ಅದೇ 100ನ್ನು ಒಂದು ತಿಂಗಳು ತಡಮಾಡಿ ಕಟ್ಟಿದರೆ, ಬದಲಾಗದ ವ್ಯವಸ್ಥೆಯಲ್ಲಿ ಅದೇ 1110 ಒಂದು ತಿಂಗಳು ತಡವಾಗಿ ಕಾಣಬೇಕಿತ್ತು. ಕಾಣುವುದು 1120.10. ಹಳೆಯ ಸಾವಿರಕ್ಕೆ ಅಷ್ಟರಲ್ಲಿ ಇನ್ನೊಂದು ತಿಂಗಳ ಬಡ್ಡಿ ಸೇರಿಬಿಟ್ಟಿರುತ್ತದೆ. ಸಮೀಕರಣದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಬದಲಾದದ್ದು ಆರಂಭ ಮಾತ್ರ.

ಹಾಗಾದರೆ ಸಮೀಕರಣವನ್ನು ನೋಡಿ ಏನೂ ಹೇಳಲಾಗದೇ ಎಂದು ಕೇಳಬಹುದು. ಕೆಲವು ದೋಷಗಳು ಖಂಡಿತ ಕಣ್ಣಿಗೆ ಬೀಳುತ್ತವೆ. ಬ್ಯಾಂಕು ತಿಂಗಳಿಗೆ 5 ರೂಪಾಯಿ ಶುಲ್ಕ ಮುರಿದುಕೊಂಡರೆ ಬಲಗಡೆ −5 ಸೇರುತ್ತದೆ, ರೇಖೀಯತೆ ಹೋಗುತ್ತದೆ. ಸರಳರೇಖೆಯ ಸಮೀಕರಣದಂತೆ ಕಾಣುವುದರಿಂದ ಇಲ್ಲಿ ಎಡವುವವರೇ ಹೆಚ್ಚು. x[n] ಇರುವಲ್ಲಿ ಅದರ ವರ್ಗ ಬಂದರೂ ಹಾಗೆಯೇ. y[n] = n x[n] ಎಂದಿದ್ದರೆ ಅದು ರೇಖೀಯವೇ, ಆದರೆ ಗುಣಕವೇ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಕಾಲದ ಪರೀಕ್ಷೆಯಲ್ಲಿ ಬೀಳುತ್ತದೆ. ಇಷ್ಟರಮಟ್ಟಿಗೆ ಕಣ್ಣಳತೆ ಸಾಕು. ಸಮೀಕರಣ ತಪ್ಪಿತಸ್ಥನನ್ನು ಹಿಡಿದುಕೊಡಬಲ್ಲುದು, ನಿರಪರಾಧಿಗೆ ತಾನಾಗಿ ಪ್ರಮಾಣಪತ್ರ ಕೊಡಲಾರದು.

ಕಾರಣಬದ್ಧತೆ ಎಂದರೆ ಇಂದಿನ ಔಟ್‌ಪುಟ್ ಇಂದಿನ ಮತ್ತು ಹಿಂದಿನ ಇನ್‌ಪುಟ್‌ಗಳನ್ನು ಮಾತ್ರ ಅವಲಂಬಿಸಿರುವುದು. n+1 ಕಂಡಕೂಡಲೇ ಭವಿಷ್ಯ ನುಸುಳಿತು ಎಂದು ಗಾಬರಿಯಾಗಬೇಕಿಲ್ಲ. y[n+1] = 1.01 y[n] + x[n+1] ಎಂಬುದು ನಮ್ಮ ಖಾತೆಯೇ, ತಿಂಗಳ ಸಂಖ್ಯೆಯನ್ನು ಒಂದು ಮುಂದೂಡಿ ಬರೆದದ್ದು ಅಷ್ಟೆ. ಇದಕ್ಕಿಂತ ಸ್ವಾರಸ್ಯವಾದದ್ದು ಇದರ ತಿರುವುಮುರುವು. n+1 ಎಲ್ಲೂ ಇಲ್ಲದ ಮೊದಲ ಸಮೀಕರಣವನ್ನೇ ಹಿಂದುಮುಂದಾಗಿ ಬರೆದರೆ y[n−1] = (y[n] − x[n]) / 1.01 ಆಗುತ್ತದೆ. ಬೀಜಗಣಿತದ ದೃಷ್ಟಿಯಲ್ಲಿ ಎರಡೂ ಒಂದೇ. ಆದರೆ ಇಲ್ಲಿ ಹೋದ ತಿಂಗಳ ಬಾಕಿಯನ್ನು ಈ ತಿಂಗಳ ವ್ಯವಹಾರ ನಿರ್ಧರಿಸುತ್ತಿದೆ. ಇದು ಹುಚ್ಚು ಲೆಕ್ಕವಲ್ಲ. ಮುಂದೆ ಪ್ರತಿ ತಿಂಗಳೂ 100 ರೂಪಾಯಿ ತೆಗೆಯುತ್ತ ಹೋಗಲು ಇಂದು ಎಷ್ಟಿಡಬೇಕು ಎಂದು ಕೇಳಿದರೆ ಮಾಡಬೇಕಾದದ್ದು ಇದನ್ನೇ. ಉತ್ತರ 10,000: ತಿಂಗಳಿಗೆ 100 ಬಡ್ಡಿ ಬರುತ್ತದೆ, ಅದನ್ನೇ ತೆಗೆದರೆ ಅಸಲು ಹಾಗೇ ಉಳಿಯುತ್ತದೆ. ಅದೇ 100ನ್ನು ತಿಂಗಳು 0ರಿಂದ ಬರಿಗೈ ಖಾತೆಯಿಂದ ತೆಗೆಯುತ್ತ ಮುಂದಕ್ಕೆ ಲೆಕ್ಕ ಹಾಕಿದರೆ −100, −201, −303.01 ಎಂದು ಸಾಲ ಬೆಳೆಯುತ್ತದೆ. ಒಂದೇ ಸಮೀಕರಣ, ಒಂದೇ ಇನ್‌ಪುಟ್, ಎರಡು ಔಟ್‌ಪುಟ್. ಎರಡೂ ಸಮೀಕರಣಕ್ಕೆ ಅಚ್ಚುಕಟ್ಟಾಗಿ ಹೊಂದುತ್ತವೆ. ಇವುಗಳ ನಡುವಿನ ಅಂತರ ತಿಂಗಳಿಗೆ 1.01 ಪಟ್ಟಿನಂತೆ ಬೆಳೆಯುವ ಒಂದು ಮೊತ್ತ. ಅಂಥ ಯಾವ ಮೊತ್ತವನ್ನು ಸೇರಿಸಿದರೂ ಸಮೀಕರಣಕ್ಕೆ ಅದು ತಿಳಿಯುವುದೇ ಇಲ್ಲ.

ಸ್ಥಿರತೆಯ ಪ್ರಶ್ನೆ ಇಲ್ಲಿ ಇದರ ಜೊತೆಗೇ ಹೆಣೆದುಕೊಳ್ಳುತ್ತದೆ. ಮಿತಿಯೊಳಗಿನ ಯಾವ ಇನ್‌ಪುಟ್‌ಗೂ ಔಟ್‌ಪುಟ್ ಮಿತಿ ಮೀರದಿದ್ದರೆ ವ್ಯವಸ್ಥೆ ಸ್ಥಿರ. ಮುಂದಕ್ಕೆ ಓಡುವ ಖಾತೆಯಲ್ಲಿ ಒಮ್ಮೆ ಕಟ್ಟಿದ 1 ರೂಪಾಯಿಯೂ ಸುಮಾರು 70 ತಿಂಗಳಿಗೊಮ್ಮೆ ದುಪ್ಪಟ್ಟಾಗುತ್ತ ಹೋಗುತ್ತದೆ. ಅದು ಕಾರಣಬದ್ಧ, ಆದರೆ ಅಸ್ಥಿರ. ಹಿಂದಕ್ಕೆ ಓಡುವ ಲೆಕ್ಕದಲ್ಲಿ ದೂರದ ಕಂತುಗಳನ್ನು ಮತ್ತೆ ಮತ್ತೆ 1.01ರಿಂದ ಭಾಗಿಸುವುದರಿಂದ ಅವು ಸವೆಯುತ್ತವೆ. ಕಂತು 100 ಮೀರದಿದ್ದರೆ ಉತ್ತರ 10,000 ಮೀರುವುದಿಲ್ಲ. ಅದು ಸ್ಥಿರ, ಆದರೆ ಕಾರಣಬದ್ಧವಲ್ಲ. ಈ ಸಮೀಕರಣಕ್ಕೆ ಎರಡನ್ನೂ ಒಟ್ಟಿಗೆ ಕೊಡುವ ಓದು ಯಾವುದೂ ಇಲ್ಲ. 1.01ರ ಜಾಗದಲ್ಲಿ 0.9 ಇದ್ದಿದ್ದರೆ ಮುಂದಕ್ಕೆ ಓಡುವ ಲೆಕ್ಕವೇ ಸ್ಥಿರವಾಗುತ್ತಿತ್ತು. ಗುಣಕ ಸರಿಯಾಗಿ 1 ಆದಾಗ ಮಾತ್ರ ಮೋಸ ಹೋಗುವುದು ಸುಲಭ: ಒಮ್ಮೆ 1 ರೂಪಾಯಿ ಕಟ್ಟಿ ಪರೀಕ್ಷಿಸಿದರೆ ಅದು ಬೆಳೆಯದೆ 1 ಆಗಿಯೇ ನಿಲ್ಲುತ್ತದೆ, ಆದರೆ ತಿಂಗಳಿಗೆ 1 ಕಟ್ಟುತ್ತ ಹೋದರೆ ಬಾಕಿಗೆ ಮಿತಿಯೇ ಇಲ್ಲ.

ಭವಿಷ್ಯ ಗೊತ್ತಿಲ್ಲದ ಲೋಕದಲ್ಲಿ ಹಿಂದಕ್ಕೆ ಓಡುವ ಲೆಕ್ಕ ಕಾಗದದ ಮೇಲಿನ ಆಟವಲ್ಲವೇ ಎಂಬ ಆಕ್ಷೇಪ ಬರಬಹುದು. ನೇರಪ್ರಸಾರಕ್ಕೆ ಆ ಮಾತು ನಿಜ. ಆದರೆ ಆಗಲೇ ದಾಖಲಾದ ಧ್ವನಿ ಅಥವಾ ಇಸಿಜಿಯಲ್ಲಿ ಮುಂದಿನ ಕ್ಷಣವೂ ಫೈಲಿನಲ್ಲೇ ಇರುತ್ತದೆ, ಅಲ್ಲಿ ಹಿಂದಿನಿಂದ ಸೋಸುವುದು ದಿನನಿತ್ಯದ ಕೆಲಸ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮುಂದಕ್ಕೇ ಓಡಿಸುತ್ತೇವೆ, ಸೊನ್ನೆಯಿಂದಲೇ ಶುರುಮಾಡುತ್ತೇವೆ ಎಂದು ಕರಾರು ಮಾಡಿಕೊಂಡರೆ ಮುಗಿಯಲಿಲ್ಲವೇ? ಪಠ್ಯಪುಸ್ತಕಗಳು ಮಾಡುವುದು ಅದನ್ನೇ. ಪೈಥಾನ್‌ನ `scipy.signal.lfilter` ಕೂಡ ಬೇರೆ ಹೇಳದಿದ್ದರೆ ಸೊನ್ನೆಯಿಂದಲೇ ತೊಡಗುತ್ತದೆ. ಆಗ ಹಿಂದಿನ yಯ ಗುಣಕ ಚಿಹ್ನೆ ಬಿಟ್ಟು 1ಕ್ಕಿಂತ ಚಿಕ್ಕದೇ ಎಂದು ನೋಡಿದರಾಯಿತು ಎನಿಸುತ್ತದೆ. ಅಲ್ಲೂ ಒಂದು ತೊಡಕಿದೆ. ಕಡೆಯ ನಾಲ್ಕು ಮಾಪನಗಳ ಮೊತ್ತ ಬೇಕಾದಾಗ ಪ್ರತಿ ಸಲ ನಾಲ್ಕನ್ನೂ ಕೂಡಿಸುವ ಬದಲು ಹೊಸದನ್ನು ಸೇರಿಸಿ ಹಳೆಯದನ್ನು ಕಳೆಯುತ್ತಾರೆ: y[n] = y[n−1] + x[n] − x[n−4]. ಗುಣಕ 1 ಇರುವುದರಿಂದ ಅಸ್ಥಿರ ಎಂದು ಬರೆದರೆ ತಪ್ಪು. ಸೊನ್ನೆಯಿಂದ ಹೊರಟರೆ ಒಳಬಂದ ಪ್ರತಿ ಸಂಖ್ಯೆಯೂ ನಾಲ್ಕು ಹೆಜ್ಜೆಯ ಬಳಿಕ ಪೂರ್ತಿ ಅಳಿಸಿಹೋಗುತ್ತದೆ, ಔಟ್‌ಪುಟ್ ನಾಲ್ಕು ಮಾಪನಗಳ ಮೊತ್ತವನ್ನು ಎಂದೂ ಮೀರದು. ಆದರೆ ಆರಂಭದಲ್ಲಿ y ಸೊನ್ನೆಯ ಬದಲು 5 ಆಗಿದ್ದರೆ ಆ 5 ಎಂದಿಗೂ ಅಳಿಯುವುದಿಲ್ಲ. ಪೂರ್ಣಾಂಕಗಳಲ್ಲಿ ಲೆಕ್ಕ ಹಾಕುವ ಯಂತ್ರದಲ್ಲಿ ಸರಿಯಾದ ಆರಂಭವಿದ್ದರೆ ಸಾಕು. ದಶಮಾಂಶಗಳನ್ನು ಸುತ್ತುಗೊಳಿಸಿ ಕೂಡುವ ಯಂತ್ರದಲ್ಲಿ ಪ್ರತಿ ಹೆಜ್ಜೆಯ ಅತಿ ಚಿಕ್ಕ ತಪ್ಪೂ ಅಂಥದೇ ಒಂದು ಹೊಸ ಆರಂಭದ ಹಾಗೆ ಉಳಿದು ಕೂಡಿಕೊಳ್ಳುತ್ತದೆ. ಆದ್ದರಿಂದ ಇಂಥ ಪ್ರೋಗ್ರಾಂ ಬರೆಯುವವರು ಆಗಾಗ ನಾಲ್ಕು ಮಾಪನಗಳನ್ನು ಹೊಸದಾಗಿ ಕೂಡಿಸಿ, y ಇದ್ದ ಜಾಗದಲ್ಲಿ ಆ ಮೊತ್ತವನ್ನು ಇಡುತ್ತಾರೆ.