‘ಶೋರೂಮ್ ಕಂಡೀಷನ್’ ಅನ್ನದ ಜಾಹೀರಾತು

ಪರಿಚಯದ ಸೆಕೆಂಡ್ ಹ್ಯಾಂಡ್ ಕಾರ್ ಡೀಲರ್ ಒಬ್ಬರು ಎಫ್‌ಎಂಗೆ 30 ಸೆಕೆಂಡಿನ ಸ್ಕ್ರಿಪ್ಟ್ ಬರೆದುಕೊಡಿ ಅಂದರು. ‘ಸಿಂಗಲ್ ಓನರ್, ಶೋರೂಮ್ ಕಂಡೀಷನ್’ ಬೇಡ, ಒಂದೇ ಕಾರಿನ ಬಗ್ಗೆ ಹೇಳೋಣ, ಮೊದಲು ಅದರ ಕುಂದನ್ನೇ ಹೇಳೋಣ ಅಂದೆ. “ಸಾರ್, ಹಾಗಂದ್ರೆ ಯಾರು ಬರ್ತಾರೆ?” ಅಂದರು. ಕೊನೆಗೆ ಅಂಗಳದಲ್ಲಿದ್ದ 2018ರ ಪೆಟ್ರೋಲ್ ಕಾರೊಂದನ್ನು ಆರಿಸಿದೆವು.

ಪೇಂಟಿನ ದಪ್ಪ ಅಳೆಯುವ ಮೀಟರನ್ನು ಬಾಗಿಲಿಗೆ ಒತ್ತಿದರೆ ಮೈಕ್ರಾನ್ ಲೆಕ್ಕ ಬರುತ್ತದೆ. ಕಂಪನಿಯ ಪೇಂಟ್ ಸಾಮಾನ್ಯವಾಗಿ 100ರಿಂದ 150. ಈ ಕಾರಿನ ಮೂರು ಬಾಗಿಲು 120ರ ಆಸುಪಾಸು ತೋರಿಸಿದವು, ಬಲಗಡೆಯ ಹಿಂಬಾಗಿಲು ಮಾತ್ರ 260. ಅಂದರೆ ಮೇಲೊಂದು ಪೇಂಟ್ ಬಿದ್ದಿದೆ. ತಗ್ಗಿಗೆ ಪುಟ್ಟಿ ಮೆತ್ತಿದ್ದರೆ ಲೆಕ್ಕ 500 ದಾಟುತ್ತಿತ್ತು. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಸಾಮಾನ್ಯ ಮೀಟರ್ ಆಟ ನಡೆಯುವುದಿಲ್ಲ. ಹಿಂದಿನ ಟೈರುಗಳ ಮೇಲೆ 3219 ಅಂತ ಅಚ್ಚಿತ್ತು: 2019ರ 32ನೇ ವಾರ ತಯಾರಾದವು.

ಮೂವತ್ತು ಸೆಕೆಂಡಿಗೆ ಕನ್ನಡದಲ್ಲಿ ಐವತ್ತು ಪದ ಹಿಡಿದರೆ ಹೆಚ್ಚು. ಬರೆದದ್ದು ಇಷ್ಟು:

“ಈ ಕಾರಿನ ಬಲಗಡೆ ಹಿಂಬಾಗಿಲಿಗೆ ಮತ್ತೆ ಪೇಂಟ್ ಹೊಡೆದಿದೆ. ಕಂಬಕ್ಕೆ ಉಜ್ಜಿತ್ತು, ರಿಪೇರಿ ಬಿಲ್ ಇದೆ. ಹಿಂದಿನ ಟೈರು ಹಳೆಯವು, ಬದಲಿಸಬೇಕು. ಆ ಖರ್ಚನ್ನು ಬೆಲೆಯಲ್ಲೇ ಕಳೆದಿದ್ದೇವೆ. ಮೀಟರ್ 62,000 ತೋರಿಸುತ್ತದೆ, 54,000ದವರೆಗಿನ ಸರ್ವೀಸ್ ಬಿಲ್ ನಮ್ಮಲ್ಲಿವೆ. ಎಂಜಿನ್ ಬಿಚ್ಚಿ ನೋಡಿಲ್ಲ. ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಬೆಳಗ್ಗೆ ಬನ್ನಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ.”

‘62,000 ಓಡಿದೆ’ ಅನ್ನಲಿಲ್ಲ, ‘ಮೀಟರ್ ತೋರಿಸುತ್ತದೆ’ ಅಂದೆವು. ಮೀಟರ್ ಹಿಂದಕ್ಕೆ ತಿರುಗಿಸುವವರಿದ್ದಾರೆ ಅನ್ನುವುದು ಕೊಳ್ಳುವವರಿಗೂ ಗೊತ್ತು. ಪ್ರತಿ ಸರ್ವೀಸ್ ಬಿಲ್ಲಿನಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತಾರೆ. ಅವು ತಾರೀಕಿನ ಜೊತೆ ಏರುತ್ತಾ ಬಂದಿದ್ದರೆ 54,000ದವರೆಗೆ ನಂಬಬಹುದು. ಅಲ್ಲಿಂದಾಚೆಗೆ ಡೀಲರ್ ಬಳಿಯೂ ಪುರಾವೆಯಿಲ್ಲ. ‘ಆಕ್ಸಿಡೆಂಟೇ ಆಗಿಲ್ಲ’ ಅನ್ನುವ ಮಾತನ್ನೂ ಇದೇ ಕಾರಣಕ್ಕೆ ಬಿಟ್ಟೆವು. ಕ್ಲೇಮ್ ಮಾಡದೆ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಇನ್ಶೂರೆನ್ಸ್ ದಾಖಲೆಯಲ್ಲಿ ಸಿಗುವುದಿಲ್ಲ.

ಬೆಳಗ್ಗೆ ಬನ್ನಿ ಅನ್ನುವುದಕ್ಕೂ ಅರ್ಥವಿದೆ. ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟರೆ ಸ್ಟಾರ್ಟಿಂಗ್ ತೊಂದರೆ, ಮೊದಲ ಕ್ಷಣದ ಕಟಕಟ ಸದ್ದು, ಆಯಿಲ್ ಸುಡುವ ನೀಲಿ ಹೊಗೆ ಮರೆಯಾಗಿಬಿಡಬಹುದು. ಬಾನೆಟ್ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಡೀಲರ್ ‘ಎಂಜಿನ್ ಬಿಚ್ಚಿ ನೋಡಿಲ್ಲ’ ಅನ್ನುವುದನ್ನು ತೆಗೆಯಿರಿ ಅಂತ ಎರಡು ಸಲ ಕೇಳಿದರು. ನಾನು ಬಿಡಲಿಲ್ಲ, ಪರೀಕ್ಷೆ ಎಲ್ಲಿಗೆ ನಿಂತಿತು ಅನ್ನುವುದೂ ಪರೀಕ್ಷೆಯ ವರದಿಯೇ. ಒಂದು ಷರತ್ತನ್ನು ಅವರೇ ಸೇರಿಸಿದರು: ಕಾರು ಮಾರಾಟವಾದ ದಿನವೇ ರೇಡಿಯೋಗೆ ಫೋನ್ ಮಾಡಿ ಜಾಹೀರಾತು ನಿಲ್ಲಿಸಬೇಕು, ಇಲ್ಲದಿದ್ದರೆ ಆ ಕಾರನ್ನೇ ಕೇಳಿಕೊಂಡು ಬಂದವರಿಗೆ ಬೇರೆಯದನ್ನು ತೋರಿಸುತ್ತಾ ನಿಲ್ಲಬೇಕಾಗುತ್ತದೆ.