ದುಡ್ಡು ಬಂತು, ಯಾವ ಬಿಲ್ಲಿಗೆ?

ಚನ್ನಪಟ್ಟಣದ ಮರದ ಆಟಿಕೆಗಳನ್ನು ಜರ್ಮನಿಯ ಅಂಗಡಿಯೊಂದಕ್ಕೆ ಕಳಿಸುವ ಸಣ್ಣ ಘಟಕವೊಂದಿದೆ ಎಂದುಕೊಳ್ಳಿ. ಅದಕ್ಕೆ ಮೂರು ಇನ್‌ವಾಯ್ಸ್‌ಗಳ ಹಣ ಬರಬೇಕು: 4,200, 3,150 ಮತ್ತು 1,900 ಯೂರೊ. ಒಟ್ಟು 9,250. ಬ್ಯಾಂಕಿಗೆ ಬಂದದ್ದು ಮಾತ್ರ 9,018. ಉಳಿದ 232 ಯೂರೊ ಎಲ್ಲಿ ಹೋಯಿತು?

ಬ್ಯಾಂಕು ಇದಕ್ಕೆ ಪೂರ್ತಿ ಉತ್ತರ ಕೊಡಲಾರದು. ಯಾರಿಂದ, ಯಾವತ್ತು, ಎಷ್ಟು ಬಂತೆಂದು ಅದು ಹೇಳುತ್ತದೆ. ಆದರೆ ವಿದೇಶದಿಂದ ಬರುವ ಪಾವತಿ ಸಂದೇಶದಲ್ಲಿ ಹಣ ಯಾತಕ್ಕೆ ಎಂದು ಸಾಮಾನ್ಯವಾಗಿ ಚುಟುಕಾಗಿ ಮಾತ್ರ ಬರೆದಿರುತ್ತದೆ. ಕಡಿತದ ಕಾರಣವೆಲ್ಲ ಅಲ್ಲಿ ಸಿಗುವುದು ಅಪರೂಪ. ಅದು ಇರುವುದು ಗ್ರಾಹಕರ ಲೆಕ್ಕಪತ್ರ ವಿಭಾಗ ತಯಾರಿಸುವ ರೆಮಿಟೆನ್ಸ್ ಅಡ್ವೈಸ್‌ನಲ್ಲಿ.

ಅದನ್ನು ಕೇಳದೆ, ಹಳೆಯದರಿಂದ ಶುರುಮಾಡಿ ಒಂದೊಂದೇ ಬಿಲ್ಲು ತೀರಿಸಿಕೊಂಡು ಹೋದರೆ ಮೊದಲೆರಡು ಪೂರ್ತಿಯಾಗುತ್ತವೆ, ಮೂರನೆಯದಕ್ಕೆ 232 ಕಡಿಮೆ ಬೀಳುತ್ತದೆ. ನೋಡಲು ಸರಿಯಾಗಿಯೇ ಕಾಣುತ್ತದೆ. ಅಡ್ವೈಸ್ ತರಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು: ಎರಡನೇ ಬಿಲ್ಲಿನ ಮಾಲಿನಲ್ಲಿ ಒಡೆದ ಗೊಂಬೆಗಳಿಗಾಗಿ 212 ಯೂರೊ ಕಡಿತ, ಉಳಿದೆರಡಕ್ಕೆ ಪೂರ್ತಿ ಹಣ. ಗ್ರಾಹಕರು ಕಳಿಸಿದ್ದು 9,038. ದಾರಿಯ ಬ್ಯಾಂಕುಗಳು ಮುರಿದುಕೊಂಡದ್ದು 20.

ಈ ವ್ಯತ್ಯಾಸ ನಮ್ಮ ಖಾತೆ ಪುಸ್ತಕಕ್ಕಷ್ಟೇ ಸಂಬಂಧಿಸಿದ್ದಲ್ಲ. ಬಂದ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ EDPMS ವ್ಯವಸ್ಥೆಯಲ್ಲಿ ಶಿಪ್ಪಿಂಗ್ ಬಿಲ್ಲಿಗೆ ಜೋಡಿಸಬೇಕು. ತಪ್ಪು ಬಿಲ್ಲಿಗೆ ಜೋಡಿಸಿದರೆ, ಗ್ರಾಹಕರು ಪೂರ್ತಿ ಹಣ ಕೊಟ್ಟ ಬಿಲ್ಲು ಅಲ್ಲಿ ಬಾಕಿಯೆಂದೇ ನಿಲ್ಲುತ್ತದೆ. ಬ್ಯಾಂಕು ಕೊರತೆಗೆ ಪುರಾವೆ ಕೇಳಿದಾಗ ನಮ್ಮ ಕೈಯಲ್ಲಿರುವುದು ಇನ್ನೊಂದು ಬಿಲ್ಲಿನ ಕ್ರೆಡಿಟ್ ನೋಟ್.

ಕೇಳುವ ಪತ್ರ ಚಿಕ್ಕದಾಗಿರಲಿ. ಆರ್ಡರ್ ಕೊಡುವವರಿಗಲ್ಲ, ಹಣ ಪಾವತಿಸುವ ವಿಭಾಗಕ್ಕೆ ಬರೆಯಿರಿ. ಮೊದಲು ಧನ್ಯವಾದ, ಆಮೇಲೆ ಹಣ ಜಮೆಯಾದ ದಿನಾಂಕ, ಯೂರೊದಲ್ಲಿ ಮೊತ್ತ, ಬ್ಯಾಂಕಿನ ರೆಫರೆನ್ಸ್ ಸಂಖ್ಯೆ. ರೂಪಾಯಿ ಮೊತ್ತ ಬರೆದರೆ ಅವರಿಗೆ ಗುರುತು ಸಿಗುವುದಿಲ್ಲ. ಬಳಿಕ ಬಾಕಿಯಿರುವ ಮೂರೂ ಇನ್‌ವಾಯ್ಸ್ ಸಂಖ್ಯೆಗಳನ್ನು ಬರೆದು, ಒಂದೊಂದಕ್ಕೂ ಎಷ್ಟು ಕೊಟ್ಟಿರಿ, ಕಡಿತವೇನಾದರೂ ಇದ್ದರೆ ಕಾರಣವೇನು ಎಂದು ಕೇಳಿ. "232 ಯೂರೊ ಕಡಿಮೆ ಕಳಿಸಿದ್ದೀರಿ" ಎಂದು ಮೊದಲೇ ಬರೆಯಬೇಡಿ. ಕಡಿಮೆ ಕಳಿಸಿದರೋ, ದಾರಿಯಲ್ಲಿ ಕಡಿತವಾಯಿತೋ ನಮಗೆ ಆಗ ಗೊತ್ತಿರುವುದಿಲ್ಲ. ಇದೇ ಪತ್ರದಲ್ಲಿ ಹೊಸ ಬ್ಯಾಂಕ್ ಖಾತೆಯ ವಿವರವನ್ನೂ ಸೇರಿಸಬೇಡಿ. ವಂಚಕರ ಪತ್ರಗಳು ಹಾಗೆಯೇ ಇರುವುದರಿಂದ ಅವರು ಉತ್ತರಿಸಲು ಹಿಂಜರಿಯುತ್ತಾರೆ.

ಎಷ್ಟೋ ಸಲ ಅಡ್ವೈಸ್ ಆಗಲೇ ಹೊರಟಿರುತ್ತದೆ, ಕೆಲಸ ಬಿಟ್ಟುಹೋದ ನೌಕರನ ಹಳೆಯ ಇಮೇಲ್‌ಗೆ. ನಿಮ್ಮ ಯಾವ ವಿಳಾಸ ಅವರ ದಾಖಲೆಯಲ್ಲಿದೆ ಎಂದು ಅದೇ ಪತ್ರದಲ್ಲಿ ವಿಚಾರಿಸಿಬಿಡಿ.