ಸಣ್ಣ ಪತ್ರಿಕೆಯ ಆದಾಯಕ್ಕೆ ಅರ್ಧದ ಗೆರೆ

ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ಸೀಮೆಯಲ್ಲಿ ಸಣ್ಣ ಪತ್ರಿಕೆಯೊಂದರ ವರ್ಷವನ್ನು ಓದುಗರು ಕ್ಯಾಲೆಂಡರಿನ ನೆರವಿಲ್ಲದೆಯೇ ಹೇಳಬಲ್ಲರು. ಪುಟ ತುಂಬ ವೀರಭದ್ರೇಶ್ವರ ಜಾತ್ರೆಯ ಶುಭಾಶಯಗಳಿದ್ದರೆ ಅದು ಜನವರಿ. ಕೈಮುಗಿದು ನಿಂತ ಮುಖಂಡರ ಭಾವಚಿತ್ರಗಳು ಸಾಲುಗಟ್ಟಿದ್ದರೆ ಯಾರದೋ ಹುಟ್ಟುಹಬ್ಬ. ಸರ್ಕಾರದ ಸಾಧನೆಯ ಬಣ್ಣದ ಪುಟ ಬಂದರೆ ಸ್ವಾತಂತ್ರ್ಯೋತ್ಸವವೋ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವವೋ ಹತ್ತಿರ ಬಂದಿದೆ ಎಂದು ಅರ್ಥ. ಈ ಪುಟಗಳು ಕಾಗದದ ಬಿಲ್ಲನ್ನೂ ಮುದ್ರಣಾಲಯದ ಬಾಕಿಯನ್ನೂ ತೀರಿಸುತ್ತವೆ ಎಂಬುದು ನಿಜ. ಆದರೆ ಅವುಗಳಲ್ಲಿ ಯಾವುದಾದರೊಂದು ನಿಂತುಹೋದ ವರ್ಷ ಪತ್ರಿಕೆಯೂ ನಿಂತುಹೋಗುತ್ತದೆಯೆ ಎಂಬ ಪ್ರಶ್ನೆಯನ್ನು ಲೆಕ್ಕದ ಪುಸ್ತಕದ ಮುಂದೆ ಕುಳಿತು ಕೇಳಿಕೊಂಡವರು ವಿರಳ.

ಜಾಹೀರಾತು, ಪ್ರಾಯೋಜಕತ್ವ, ಚಂದಾ, ಪುಸ್ತಕ ಮತ್ತು ದಿನದರ್ಶಿಕೆಯಂಥ ಮಾರಾಟದ ವಸ್ತುಗಳು- ಪತ್ರಿಕೆಯ ಆದಾಯಕ್ಕೆ ಇರುವ ದಾರಿಗಳು ಸಾಮಾನ್ಯವಾಗಿ ಈ ನಾಲ್ಕೇ. ಇವುಗಳಲ್ಲಿ ಯಾವೊಂದೂ ಒಟ್ಟು ಆದಾಯದ ಅರ್ಧವನ್ನು ಮೀರಬಾರದು ಎಂಬುದು ಅನುಭವಿಗಳು ಹಾಕಿಕೊಂಡಿರುವ ಗೆರೆ. ಅರ್ಧವೇ ಏಕೆ? ಇದರ ಹಿಂದೆ ಸರಳವಾದ ಲೆಕ್ಕವಿದೆ. ಅರ್ಧ ಆದಾಯ ಒಮ್ಮೆಗೇ ನಿಂತರೂ ಉಳಿದರ್ಧ ಬರುತ್ತಿರುತ್ತದೆ. ಆರು ತಿಂಗಳ ಖರ್ಚಿನಷ್ಟು ಹಣ ಬ್ಯಾಂಕಿನಲ್ಲಿದ್ದರೆ ಪತ್ರಿಕೆ ಪೂರ್ತಿ ಒಂದು ವರ್ಷ ಉಸಿರಾಡಬಲ್ಲದು. ಬೇರೆ ದಾರಿ ಹುಡುಕಲು ಒಂದು ವರ್ಷ ಸಾಕು. ನಿಂತದ್ದು ಮುಕ್ಕಾಲು ಆದಾಯವಾದರೆ ಅದೇ ಉಳಿತಾಯ ಎಂಟು ತಿಂಗಳಿಗೇ ಮುಗಿಯುತ್ತದೆ.

ಕನ್ನಡದಲ್ಲಿ ಈ ಗೆರೆಯನ್ನು ಉದ್ದೇಶಪೂರ್ವಕವಾಗಿಯೇ ದಾಟಿದ ಪತ್ರಿಕೆಯೊಂದಿದೆ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತನ್ನೇ ಮುಟ್ಟದೆ ಓದುಗರು ಕೊಟ್ಟ ಬೆಲೆಯಿಂದಲೇ ನಡೆಯಿತು. ಮೂಲ ಒಂದೇ, ಆದರೆ ಕೊಡುವ ಕೈಗಳು ಸಾವಿರಾರು. ಯಾವ ಒಬ್ಬ ಓದುಗ ಮುನಿಸಿಕೊಂಡರೂ ಪತ್ರಿಕೆ ಅಲುಗುತ್ತಿರಲಿಲ್ಲ. ಹಾಗೆಂದು ಅಲ್ಲಿ ಅವಲಂಬನೆಯೇ ಇರಲಿಲ್ಲವೆನ್ನಲಾಗದು. ಆ ಸಾವಿರಾರು ಕೈಗಳನ್ನು ಒಟ್ಟುಗೂಡಿಸಿದ್ದು ಒಂದು ಲೇಖನಿ. 2000ದಲ್ಲಿ ಲಂಕೇಶರು ತೀರಿಕೊಂಡ ಮೇಲೆ ಆ ಪತ್ರಿಕೆಯನ್ನು ಮುಂದುವರಿಸಿದವರ ಪಾಲಿಗೆ ಮೊದಲ ಪ್ರಶ್ನೆಯಾದದ್ದು ಅದೇ. ಇದರಿಂದ ತಿಳಿಯುವುದಿಷ್ಟು: ಮೂಲಗಳನ್ನು ಹೆಸರಿನಿಂದ ಎಣಿಸಿದರೆ ಸಾಲದು, ಹಣ ನಿಲ್ಲಿಸುವ ತೀರ್ಮಾನ ಎಷ್ಟು ಜನರ ಕೈಯಲ್ಲಿದೆ ಎಂದು ಎಣಿಸಬೇಕು.

ಇದನ್ನು ಬೇಮಳಖೇಡದಂಥ ಗಡಿ ಊರಿನ ಮಾಸಪತ್ರಿಕೆಯೊಂದರ ಲೆಕ್ಕದಲ್ಲಿ ಇಟ್ಟು ನೋಡೋಣ. ಪತ್ರಿಕೆ ಕಾಲ್ಪನಿಕ, ಅಂಕಿಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು. ವರ್ಷದ ಜಮೆ 12 ಲಕ್ಷ ರೂಪಾಯಿ. ಜಾಹೀರಾತಿನಿಂದ 5,40,000, ವಾರ್ಷಿಕ ಸಾಹಿತ್ಯ ಶಿಬಿರದ ಪ್ರಾಯೋಜಕರಿಂದ 2,40,000, ತಲಾ 300 ರೂಪಾಯಿಯಂತೆ 600 ಚಂದಾದಾರರಿಂದ 1,80,000, ದಿನದರ್ಶಿಕೆ ಮತ್ತು ವಚನ ಪುಸ್ತಕಗಳ ಮಾರಾಟದಿಂದ 2,40,000. ಜಾಹೀರಾತಿನ ಪಾಲು ಶೇ 45. ಗೆರೆಯೊಳಗೇ ಇದ್ದೇವೆಂದು ಸಂಪಾದಕರು ನೆಮ್ಮದಿಯಿಂದ ಪುಸ್ತಕ ಮುಚ್ಚಬಹುದು.

ಆದರೆ ಮುಚ್ಚಬಾರದು. ಬಂದ ಹಣ ಬೇರೆ, ಉಳಿದ ಹಣ ಬೇರೆ. 2,40,000 ರೂಪಾಯಿಯ ಪುಸ್ತಕ ಮಾರಲು ಕಾಗದ, ಮುದ್ರಣ, ಮಾರಾಟಗಾರರ ಕಮಿಷನ್ ಎಂದು 1,80,000 ಹೋಗಿದ್ದರೆ ಪತ್ರಿಕೆಗೆ ದಕ್ಕಿದ್ದು 60,000 ಮಾತ್ರ. ಪ್ರಾಯೋಜಕರ ಹಣದಲ್ಲಿ ಅರ್ಧ ಶಿಬಿರದ ಪೆಂಡಾಲಿಗೂ ಊಟಕ್ಕೂ ಹೋಗಿದ್ದರೆ ಉಳಿದದ್ದು 1,20,000. ಪ್ರತಿ ಚಂದಾದಾರನಿಗೆ ಹೆಚ್ಚುವರಿ ಪ್ರತಿ ಮುದ್ರಿಸಿ ಅಂಚೆಗೆ ಹಾಕಲು ವರ್ಷಕ್ಕೆ 100 ರೂಪಾಯಿ ತಗುಲಿದರೆ ಚಂದಾದಿಂದ ಉಳಿಯುವುದೂ 1,20,000. ಜಾಹೀರಾತಿಗೆ ಮಾತ್ರ ಇಂಥ ನೇರ ಖರ್ಚು ಇಲ್ಲವೆಂದೇ ಹಿಡಿಯೋಣ. ಆಗ ಕೈಗೆ ದಕ್ಕಿದ ನಿಜವಾದ ಮೊತ್ತ 8,40,000. ಅದರಲ್ಲಿ ಜಾಹೀರಾತಿನ ಪಾಲು ಶೇ 64. ಪುಸ್ತಕ ಮಾರಾಟದ ವಹಿವಾಟು ದೊಡ್ಡದಾದಷ್ಟೂ ಸಮತೋಲನದ ಭ್ರಮೆಯೂ ದೊಡ್ಡದಾಗುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಇನ್ನೊಂದು ಹೆಜ್ಜೆ ಒಳಗೆ ಹೋಗಬೇಕು. ಜಾಹೀರಾತಿನ 5,40,000ದಲ್ಲಿ ಸರ್ಕಾರಿ ಪ್ರಕಟಣೆಗಳು 3,00,000, ಮುಖಂಡರ ಶುಭಾಶಯಗಳು 1,20,000, ಶಿಬಿರವನ್ನು ಪ್ರಾಯೋಜಿಸಿದ ಸಂಸ್ಥೆಯೇ ಕೊಟ್ಟದ್ದು 90,000, ಅಂಗಡಿ ಮುಂಗಟ್ಟುಗಳದು ಉಳಿದ 30,000 ಎಂದುಕೊಳ್ಳೋಣ. ಸರ್ಕಾರಿ ಪ್ರಕಟಣೆ ಮತ್ತು ಮುಖಂಡರ ಶುಭಾಶಯ ರಸೀದಿಯಲ್ಲಿ ಎರಡು, ವ್ಯವಹಾರದಲ್ಲಿ ಹೆಚ್ಚುಕಡಿಮೆ ಒಂದೇ. ರಸ್ತೆ ಕಾಮಗಾರಿಯ ಕಳಪೆತನದ ಬಗ್ಗೆ ಒಂದು ವರದಿ ಬಂದರೆ ಎರಡೂ ಒಟ್ಟಿಗೇ ನಿಲ್ಲಬಹುದು. ಅವುಗಳ ಮೊತ್ತ 4,20,000, ಅಂದರೆ ದಕ್ಕಿದ ಹಣದ ಸರಿಯಾಗಿ ಅರ್ಧ. ಪ್ರಾಯೋಜಕ ಸಂಸ್ಥೆಯದೂ ಹಾಗೆಯೇ. ಎರಡು ತಲೆಬರಹಗಳ ಕೆಳಗೆ ಹಂಚಿಹೋಗಿರುವ ಅದರ ಪಾಲನ್ನು ಕೂಡಿಸಿದರೆ 2,10,000, ಅಂದರೆ ಕಾಲುಭಾಗ. ಮುಕ್ಕಾಲು ಪತ್ರಿಕೆ ಎರಡು ಬಾಗಿಲುಗಳ ಮುಂದೆ ನಿಂತಿದೆ ಎಂದಾಯಿತು.

ಈ ಬಾಗಿಲುಗಳು ಮುಚ್ಚಲು ಮುನಿಸೇ ಬೇಕೆಂದಿಲ್ಲ. ಚುನಾವಣೆ ಘೋಷಣೆಯಾಗಿ ಮಾದರಿ ನೀತಿಸಂಹಿತೆ ಜಾರಿಗೆ ಬಂದರೆ ಸಾರ್ವಜನಿಕರ ಹಣದಲ್ಲಿ ಸರ್ಕಾರದ ಸಾಧನೆಯನ್ನು ಸಾರುವ ಜಾಹೀರಾತುಗಳು ಅಂದೇ ನಿಲ್ಲುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಜಾತ್ರೆ, ಮದುವೆ, ಮಳಿಗೆಗಳೆಲ್ಲ ಒಟ್ಟಿಗೇ ಸ್ತಬ್ಧವಾದಾಗ ದೊಡ್ಡ ದಿನಪತ್ರಿಕೆಗಳೇ ಪುಟಗಳನ್ನು ಇಳಿಸಬೇಕಾಯಿತು. ಜಗತ್ತಿನ ದೊಡ್ಡ ಪತ್ರಿಕೆಗಳೂ ಈ ಪಾಠವನ್ನು ತಡವಾಗಿಯೇ ಕಲಿತವು. ‘ನ್ಯೂಯಾರ್ಕ್ ಟೈಮ್ಸ್’ಗೆ ಓದುಗರಿಂದ ಬಂದ ಹಣ ಜಾಹೀರಾತಿನ ಹಣವನ್ನು ಮೀರಿದ್ದು 2012ರಲ್ಲಿ.

ನಮ್ಮ ಮಾಸಪತ್ರಿಕೆಯ ತಪ್ಪಿಸಲಾಗದ ಖರ್ಚು- ಕಚೇರಿ ಬಾಡಿಗೆ, ಇಬ್ಬರ ಸಂಬಳ, ಮೂಲ ಮುದ್ರಣ- ತಿಂಗಳಿಗೆ 60,000, ಅಂದರೆ ವರ್ಷಕ್ಕೆ 7,20,000 ಎಂದಿರಲಿ. ಒಳ್ಳೆಯ ವರ್ಷದಲ್ಲಿ 1,20,000 ಮಿಗುತ್ತದೆ. ಸರ್ಕಾರ ಮತ್ತು ಮುಖಂಡರ 4,20,000 ನಿಂತರೆ ವರ್ಷಕ್ಕೆ 3,00,000 ಕೊರತೆ. ಅಷ್ಟು ಹಣವನ್ನು ಮಿಗುವ ಹಣದಿಂದಲೇ ಕೂಡಿಸಿಡಲು ಎರಡೂವರೆ ವರ್ಷ ಬೇಕು. ಅಷ್ಟರೊಳಗೆ ಒಂದು ಚುನಾವಣೆಯಾದರೂ ಬಂದೇ ಬರುತ್ತದೆ.

ಹಾಗಾದರೆ ಜಾಹೀರಾತನ್ನು ಕಡಿತಗೊಳಿಸಬೇಕೆ? ಬೇಡ. ಪಾಲು ತಗ್ಗಿಸುವುದೆಂದರೆ ಬಂದ ಹಣವನ್ನು ಹಿಂದಕ್ಕೆ ಕಳಿಸುವುದಲ್ಲ, ಉಳಿದ ಮೂರು ದಾರಿಗಳನ್ನು ಅಗಲಗೊಳಿಸುವುದು. ಜಾಹೀರಾತು 5,40,000 ಆಗಿಯೇ ಇದ್ದು ಅರ್ಧಕ್ಕಿಳಿಯಬೇಕಾದರೆ ಉಳಿದವು ಈಗಿನ 3,00,000ದಿಂದ 5,40,000ಕ್ಕೆ ಏರಬೇಕು. ಕೊರತೆ 2,40,000. ಚಂದಾದಿಂದಲೇ ತುಂಬಿಸುವೆನೆಂದರೆ 1,200 ಹೊಸ ಚಂದಾದಾರರು ಬೇಕು. ಕನ್ನಡ, ಮರಾಠಿ, ತೆಲುಗು, ಉರ್ದು ಕೂಡಿ ಹರಿಯುವ ಸೀಮೆಯಲ್ಲಿ ಒಂದೇ ವರ್ಷದಲ್ಲಿ ಇದು ಆಗದ ಮಾತು. ಹಂಚಿಕೊಂಡರೆ ಆಗುವ ಮಾತು: 500 ಚಂದಾದಾರರಿಂದ 1,00,000, ಖರ್ಚು ಕಳೆದು ತಲಾ ಹತ್ತು ಸಾವಿರ ಉಳಿಯುವಂಥ ಎಂಟು ಸಣ್ಣ ಪ್ರಾಯೋಜಕರಿಂದ 80,000, ಪುಸ್ತಕಗಳಿಂದ ಇನ್ನೂ 60,000. ಮೂರು ವರ್ಷ ಹಿಡಿಯಬಹುದು. ಕೊನೆಗೆ ದಕ್ಕುವುದು 10,80,000. ಜಾಹೀರಾತು ಸರಿಯಾಗಿ ಅರ್ಧ. ಆ ಮೇಲೆ 4,20,000 ನಿಂತರೂ ಕೊರತೆ ವರ್ಷಕ್ಕೆ 60,000, ಅಂದರೆ ಒಂದು ತಿಂಗಳ ಖರ್ಚು ಮಾತ್ರ. ಆದರೆ ಹೊಸದಾಗಿ ಬಂದ ಈ ಹಣವನ್ನು ನಂಬಿ ಮೂರನೆಯವರನ್ನು ಸಂಬಳಕ್ಕೆ ಸೇರಿಸಿಕೊಂಡರೆ ಸಮತೋಲನ ಕಾಗದದ ಮೇಲಷ್ಟೇ ಉಳಿಯುತ್ತದೆ.

ಪ್ರತಿ ದಾರಿಗೂ ಅದರದೇ ಹಳ್ಳವುಂಟು. ಸದಸ್ಯತ್ವದ ಬಲವನ್ನು ಧಾರವಾಡದ ಮನೋಹರ ಗ್ರಂಥಮಾಲೆ 1933ರಷ್ಟು ಹಿಂದೆಯೇ ಅರಿತಿತ್ತು. ಚಂದಾದಾರರನ್ನು ಮೊದಲೇ ಗೊತ್ತುಮಾಡಿಕೊಂಡು ಪುಸ್ತಕ ತಂದಿತು. ಆದರೆ ಮುಂಗಡವಾಗಿ ಬಂದ ಚಂದಾ ಆದಾಯವಲ್ಲ, ಋಣ. ಡಿಸೆಂಬರಿನಲ್ಲಿ ಬಂದ 300 ರೂಪಾಯಿಯಲ್ಲಿ ಆ ತಿಂಗಳ ಪಾಲು 25 ಮಾತ್ರ. ಆಜೀವ ಸದಸ್ಯತ್ವವಂತೂ ಇನ್ನೂ ಅಪಾಯಕಾರಿ. ಒಮ್ಮೆ ಸಾವಿರ ರೂಪಾಯಿ ಕೊಟ್ಟವರಿಗೆ ಇಪ್ಪತ್ತು ವರ್ಷ ಪತ್ರಿಕೆ ಕಳಿಸಬೇಕು, ಅಷ್ಟರಲ್ಲಿ ಕಾಗದದ ಬೆಲೆ ಎಲ್ಲಿಗೋ ಹೋಗಿರುತ್ತದೆ. ಪುಸ್ತಕ ಮಾರಾಟದ ಅಪಾಯ ಮಾರಾಟವಾಗದ ಕಟ್ಟುಗಳಲ್ಲಿದೆ. ಜನವರಿ ದಾಟಿದ ದಿನದರ್ಶಿಕೆಗೆ ರದ್ದಿಯ ಬೆಲೆಯಷ್ಟೇ. ಜಾಹೀರಾತಿನ ಅಪಾಯ ವಸೂಲಾಗದ ಬಿಲ್ಲು. ಬಿಲ್ಲು ಕಳಿಸಿದ ಕೂಡಲೇ ಜಮೆ ಬರೆಯುವ ಪತ್ರಿಕೆ ತನ್ನನ್ನು ತಾನೇ ನಂಬಿಸಿಕೊಳ್ಳುತ್ತಿರುತ್ತದೆ.

ಸಮತೋಲನ ತಪ್ಪುತ್ತಿರುವುದು ಲೆಕ್ಕಕ್ಕಿಂತ ಮೊದಲು ಪುಟಗಳಲ್ಲೇ ಕಾಣುತ್ತದೆ. ಒಂದು ಇಲಾಖೆಯ ಸುದ್ದಿ ಬಂದಾಗ ಸಂಪಾದಕರು ಅದನ್ನು ಹಾಕುವ ಮುನ್ನ ಬಾಕಿ ಬಿಲ್ಲು ನೆನೆಯತೊಡಗಿದರೆ, ಪ್ರಾಯೋಜಕರ ಹೆಸರು ಜಾಹೀರಾತಿನ ಚೌಕಟ್ಟಿನಿಂದ ವರದಿಯ ಸಾಲಿಗೆ ಜಾರಿದರೆ, ಗೆರೆ ಆಗಲೇ ದಾಟಿದೆ. ತಿಂಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು. ಜಾತ್ರೆಯ ತಿಂಗಳಲ್ಲಿ ಜಾಹೀರಾತು ಸಹಜವಾಗಿಯೇ ಮುಕ್ಕಾಲಾಗಿರುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕೈಸೇರಿದ ಹಣವನ್ನು, ನೇರ ಖರ್ಚು ಕಳೆದು, ಕೊಟ್ಟವರ ಪ್ರಕಾರ ಗುಂಪುಮಾಡಿ ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬರೆದರೆ ಸಾಕು. ಆ ಹಾಳೆಯ ಮೊದಲ ಸಾಲು ಶೇ 50ನ್ನು ಮುಟ್ಟಿದ ದಿನ, ಮುಂದಿನ ಸಂಚಿಕೆಯ ಪುಟ ತುಂಬಿಸುವುದಕ್ಕಿಂತ ಮೊದಲು ಎರಡನೆಯ ಸಾಲನ್ನು ಬೆಳೆಸುವ ಕೆಲಸವಿದೆ ಎಂದು ತಿಳಿಯಬೇಕು.